ತಪ್ಪಿದ ಅನಾಹುತ: ವರದಿ ಬರೆಯುವುದು ಹೇಗೆ?

ರೋಗಿಯ ಕೈಸೇರುವ ಮೊದಲೇ ಪತ್ತೆಯಾದ ಔಷಧದ ತಪ್ಪಿಗೆ ಆಸ್ಪತ್ರೆಗಳಲ್ಲಿ ‘ನಿಯರ್ ಮಿಸ್’ ಎನ್ನುತ್ತಾರೆ. ಯಾರಿಗೂ ತೊಂದರೆಯಾಗಲಿಲ್ಲವೆಂದು ಇದನ್ನು ಬರೆದಿಡದೆ ಬಿಟ್ಟರೆ, ಅದೇ ತಪ್ಪು ಇನ್ನೊಂದು ದಿನ ರೋಗಿಯ ಮನೆ ತಲುಪಬಹುದು.

ಒಂದು ಉದಾಹರಣೆ ನೋಡೋಣ. ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಅದನ್ನೇ ದಿನವೂ ನುಂಗಿದರೆ ಬಾಯಿಹುಣ್ಣಾಗುತ್ತದೆ, ಅಸ್ಥಿಮಜ್ಜೆ ಕುಂದಿ ರಕ್ತಕಣಗಳು ಇಳಿಯುತ್ತವೆ, ಪ್ರಾಣವೇ ಹೋಗಬಹುದು. ಈಗ ಇಂಥ ಒಂದು ವರದಿ ಓದಿ:

“ಔಷಧ ವಿಭಾಗದವರ ಬೇಜವಾಬ್ದಾರಿಯಿಂದ ರೋಗಿಗೆ ತಪ್ಪು ಪ್ರಮಾಣ ಹೋಗುವುದರಲ್ಲಿತ್ತು. ಅದೃಷ್ಟವಶಾತ್ ತಪ್ಪಿತು.”

ಇದರಲ್ಲಿ ಕೋಪವಿದೆ, ಮಾಹಿತಿಯಿಲ್ಲ. ಯಾವ ಔಷಧ, ತಪ್ಪು ಎಲ್ಲಿ ಹುಟ್ಟಿತು, ಹೇಗೆ ಸಿಕ್ಕಿತು ಎಂಬುದೊಂದೂ ತಿಳಿಯದು. ಅದನ್ನೇ ಹೀಗೆ ಬರೆಯಬಹುದು:

“ಬೆಳಿಗ್ಗೆ 11.40, ಹೊರರೋಗಿ ಔಷಧ ಕೌಂಟರ್. ಚೀಟಿಯಲ್ಲಿದ್ದದ್ದು: ಮೆಥೋಟ್ರೆಕ್ಸೇಟ್ 7.5 ಮಿ.ಗ್ರಾಂ, ವಾರಕ್ಕೊಮ್ಮೆ, 4 ವಾರ. ಲೇಬಲ್‌ನಲ್ಲಿದ್ದದ್ದು: 2.5 ಮಿ.ಗ್ರಾಂನ 3 ಮಾತ್ರೆ, ದಿನಕ್ಕೊಮ್ಮೆ. ಕವರಿನಲ್ಲಿ 12ರ ಬದಲು 84 ಮಾತ್ರೆಗಳಿದ್ದವು. ಚೀಟಿಯೊಡನೆ ತಾಳೆ ನೋಡಿದ ಎರಡನೇ ಫಾರ್ಮಸಿಸ್ಟ್ ಗುರುತಿಸಿದರು. ಕವರು ರೋಗಿಗೆ ಕೊಟ್ಟಿರಲಿಲ್ಲ. ಹೊಸ ಲೇಬಲ್ ಹಚ್ಚಿ 12 ಮಾತ್ರೆ ಕೊಡಲಾಯಿತು. ಕಂಪ್ಯೂಟರಿನ ಪಟ್ಟಿಯಲ್ಲಿ ಈ ಔಷಧಕ್ಕೂ ತಾನಾಗಿ ಮೊದಲು ಬರುವುದು ‘ದಿನಕ್ಕೊಮ್ಮೆ’. ಹಳೆಯ ಲೇಬಲ್ ತೆಗೆದಿರಿಸಿದೆ.”

ಎರಡನೆಯದರಲ್ಲಿ ಯಾರ ಹೆಸರೂ ಇಲ್ಲ, ಹುದ್ದೆಯಷ್ಟೇ ಇದೆ. ಆದರೂ ಏನನ್ನೂ ಮುಚ್ಚಿಟ್ಟಿಲ್ಲ. ಕಂಪ್ಯೂಟರಿನ ಪಟ್ಟಿಯನ್ನು ಸರಿಪಡಿಸಬೇಕೆಂದು ಓದಿದವರಿಗೆ ತಿಳಿಯುತ್ತದೆ. ತಪ್ಪನ್ನು ಹಿಡಿದದ್ದು ಅದೃಷ್ಟವಲ್ಲ, ಎರಡನೇ ತಪಾಸಣೆ ಎಂಬುದೂ ತಿಳಿಯುತ್ತದೆ. ಹಾಗಾಗಿ ಆ ತಪಾಸಣೆಯನ್ನು ಕೈಬಿಡುವಂತಿಲ್ಲ.

ಬರೆದ ಮೇಲೆ ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ ಹಾಕಿ: ‘ಇದನ್ನು ಯಾರಾದರೂ ಕಂಡರೇ, ಕೇಳಿದರೇ, ಎಣಿಸಿದರೇ?’ “ಗದ್ದಲದಿಂದಾಗಿ ತಪ್ಪಾಯಿತು” ಎಂಬುದು ಊಹೆ. “ಆಗ ಸಾಲಿನಲ್ಲಿ 14 ಜನರಿದ್ದರು, ಕೌಂಟರಿನಲ್ಲಿ ಇಬ್ಬರಿದ್ದರು” ಎಂಬುದು ಸಂಗತಿ. ಕಾರಣವನ್ನು ವಿಚಾರಣೆಯಲ್ಲಿ ನಿರ್ಧರಿಸಲಿ. ‘ಅಜಾಗರೂಕತೆ’, ‘ಯಾವಾಗಲೂ ಹೀಗೇ’ ಎಂಬ ಮಾತುಗಳು ಕಂಡರೆ ಹೊಡೆದುಹಾಕಿ. ಅವನ್ನು ಓದಿದ ಸಿಬ್ಬಂದಿ ಮುಂದಿನ ಸಲ ವರದಿಯನ್ನೇ ಬರೆಯುವುದಿಲ್ಲ. ನೆನಪು ಮಾಸುವ ಮೊದಲು, ಅದೇ ಪಾಳಿಯಲ್ಲೇ ಬರೆದು ಮುಗಿಸುವುದು ಒಳ್ಳೆಯದು.

ರೋಗಿಗಳಿಗೂ ಇದು ಅನ್ವಯಿಸುತ್ತದೆ. ಕೌಂಟರಿನಲ್ಲಿ ಇಂಥ ತಪ್ಪು ನಿಮ್ಮ ಕಣ್ಣಿಗೇ ಬಿದ್ದರೆ ಮಾತ್ರೆ ನುಂಗಬೇಡಿ, ಕವರು ಎಸೆಯಬೇಡಿ. ಚೀಟಿಯಲ್ಲಿ ಏನಿತ್ತು, ಕವರಿನ ಮೇಲೆ ಏನಿತ್ತು, ಎಷ್ಟು ಹೊತ್ತಿಗೆ ನೋಡಿದಿರಿ ಎಂಬ ಮೂರು ಸಾಲು ಬರೆದುಕೊಡಿ.