ನೆಲದೊಳಗಿನ ಸೋರಿಕೆಯನ್ನು ಕಂಡುಹಿಡಿಯುವ ಬಗೆ

ಬೀದಿಯಲ್ಲಿ ನೀರು ಜಿನುಗಿದ ಸ್ಥಳದಲ್ಲಿಯೇ ಕೊಳವೆಯು ಒಡೆದಿರುವುದೆಂದು ನಾವು ಭಾವಿಸುತ್ತೇವೆ. ಆದರೆ ಸೋರಿದ ನೀರು ಕೊಳವೆಯ ಪಕ್ಕದ ಸಡಿಲ ಮಣ್ಣಿನಲ್ಲಿ ಇಳಿಜಾರಿನತ್ತ ಹರಿದು, ಎಷ್ಟೋ ದೂರದಲ್ಲಿ ಮೇಲೇಳಬಹುದು. ಹಾಗಾದರೆ ಬೀದಿಯನ್ನೆಲ್ಲ ಅಗೆಯದೆ ಸೋರಿಕೆಯ ಸ್ಥಾನವನ್ನು ತಿಳಿಯುವುದೆಂತು?

240 ಮೀಟರ್ ಉದ್ದದ ಒಂದು ಬೀಡುಕಬ್ಬಿಣದ ಕೊಳವೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎರಡು ತುದಿಗಳಲ್ಲಿಯೂ ನಡುವೆಯೂ ಒಂದೊಂದು ವಾಲ್ವ್ ಇದೆ. ಮೊದಲು ಮನೆಗಳಿಗೆ ಹೋಗುವ ಕವಲುಗಳನ್ನೆಲ್ಲ ಮುಚ್ಚಬೇಕು. ಬಳಿಕ ಮೂರು ವಾಲ್ವ್‌ಗಳನ್ನೂ ಮುಚ್ಚಿ, ಎರಡು ಅರ್ಧಗಳಿಗೂ ಜೋಡಿಸಿರುವ ಒತ್ತಡಮಾಪಕಗಳನ್ನು ನೋಡುತ್ತಿರಬೇಕು. ಯಾವ ಅರ್ಧದಲ್ಲಿ ಮುಳ್ಳು ಇಳಿಯುವುದೋ ಅಲ್ಲಿ ಸೋರಿಕೆಯಿದೆ. ಎರಡರಲ್ಲಿಯೂ ಇಳಿದರೆ, ನಡುವಣ ವಾಲ್ವ್ ಸರಿಯಾಗಿ ಮುಚ್ಚಿಲ್ಲವೇ ಎಂದು ಮೊದಲು ಪರೀಕ್ಷಿಸಬೇಕು. ಮುಚ್ಚಿದ ವಾಲ್ವ್‌ಗೆ ಕಬ್ಬಿಣದ ಸರಳನ್ನು ತಗುಲಿಸಿ, ಅದರ ಮೇಲ್ತುದಿಗೆ ಕಿವಿಯಿಟ್ಟರೆ, ಒಳಗೆ ನುಸುಳುವ ನೀರಿನ ಸದ್ದು ಕೇಳಿಸುತ್ತದೆ.

ಎರಡನೆಯ ಅರ್ಧದಲ್ಲಿ ಮಾತ್ರ ಒತ್ತಡವು ಇಳಿಯಿತೆನ್ನಿ. ಈಗ ಹುಡುಕಬೇಕಾದುದು 120 ಮೀಟರ್ ಮಾತ್ರ. ಇನ್ನು ಮುಂದಿನ ಕೆಲಸ ಧ್ವನಿಯದು. ಒತ್ತಡವಿಲ್ಲದ ಕೊಳವೆಯು ಸದ್ದು ಮಾಡದಾದುದರಿಂದ ಮತ್ತೆ ನೀರು ಬಿಡಬೇಕು. ರಂಧ್ರದಿಂದ ಚಿಮ್ಮುವ ನೀರಿನ ಸದ್ದು ಕೊಳವೆಯ ಉದ್ದಕ್ಕೂ ಎರಡು ಕಡೆಗೆ ಸಾಗುತ್ತದೆ. ಇಂತಹ ಕೊಳವೆಯಲ್ಲಿ ಅದರ ವೇಗವು ಸೆಕೆಂಡಿಗೆ ಸುಮಾರು 1200 ಮೀಟರ್. ನಡುವಣ ವಾಲ್ವ್ ‘ಅ’, ತುದಿಯ ವಾಲ್ವ್ ‘ಬ’ ಎಂದಿರಲಿ. ಎರಡರ ಮೇಲೂ ಧ್ವನಿಗ್ರಾಹಕಗಳನ್ನಿಡುತ್ತಾರೆ. ಕೋರಿಲೇಟರ್ ಎಂಬ ಯಂತ್ರವು ಎರಡು ಕಡೆಯ ಸದ್ದುಗಳನ್ನು ಹೋಲಿಸಿ, ಅವುಗಳ ನಡುವಣ ಕಾಲದ ಅಂತರವನ್ನು ತಿಳಿಸುತ್ತದೆ.

ಸದ್ದು ‘ಅ’ ಸ್ಥಾನವನ್ನು 0.04 ಸೆಕೆಂಡು ಮೊದಲು ಮುಟ್ಟಿತೆನ್ನಿ. ಅಷ್ಟು ಕಾಲದಲ್ಲಿ ಸದ್ದು 48 ಮೀಟರ್ ಸಾಗುತ್ತದೆ. ಎಂದರೆ ಸೋರಿಕೆಯಿಂದ ‘ಬ’ಗಿರುವ ದೂರವು ‘ಅ’ಗಿರುವ ದೂರಕ್ಕಿಂತ 48 ಮೀಟರ್ ಹೆಚ್ಚು. 120ರಲ್ಲಿ 48 ಕಳೆದರೆ 72. ಅದರ ಅರ್ಧ 36. ಆದುದರಿಂದ ‘ಅ’ ವಾಲ್ವಿನಿಂದ ಕೊಳವೆಯ ಜಾಡಿನಲ್ಲಿಯೇ 36 ಮೀಟರ್ ಅಳೆದು, ಅಲ್ಲಿ ನೆಲದ ಮೇಲೆ ಕಿವಿಗೊಟ್ಟು ಖಚಿತಪಡಿಸಿಕೊಂಡು, ಒಂದು ಗುಂಡಿಯನ್ನು ತೋಡಿದರೆ ಸಾಕು.

ವೇಗವನ್ನು ತಪ್ಪಾಗಿ ಹಿಡಿದರೆ ಗುಂಡಿಯೂ ತಪ್ಪುತ್ತದೆ. 1200ರ ಬದಲು 1000 ಎಂದೆಣಿಸಿದರೆ ಉತ್ತರವು 40 ಮೀಟರ್ ಆಗುವುದು. ಅಲ್ಲಿ ಅಗೆದವರಿಗೆ ಒಡೆಯದ ಕೊಳವೆಯೇ ಸಿಕ್ಕೀತು. ಪ್ಲಾಸ್ಟಿಕ್ ಕೊಳವೆಗಳಲ್ಲಂತೂ ಸದ್ದು ಬಹು ನಿಧಾನವಾಗಿ ಸಾಗುವುದಲ್ಲದೆ ಬೇಗನೆ ಅಡಗಿಹೋಗುತ್ತದೆ. ಅಲ್ಲಿ ಧ್ವನಿಗ್ರಾಹಕಗಳನ್ನು ಹತ್ತಿರ ಹತ್ತಿರ ಇಡಬೇಕು. ವಾಹನಗಳ ಗದ್ದಲವಿಲ್ಲದ ರಾತ್ರಿಯು ಈ ಕೆಲಸಕ್ಕೆ ಉತ್ತಮ. ಆದರೆ ಆಗ ಕೊಳವೆಯಲ್ಲಿ ನೀರು ಇರಬೇಕು.

ಸರದಿಯಂತೆ ನೀರು ಬಿಡುವ ನಗರಗಳಲ್ಲಿ ಈ ಹುಡುಕಾಟಕ್ಕೆ ಇನ್ನೊಂದು ಕಾರಣವುಂಟು. ನೀರು ನಿಂತು ಒತ್ತಡವಿಳಿದಾಗ, ಒಳಗಿನ ನೀರು ಹೊರಬಿದ್ದ ಅದೇ ರಂಧ್ರದಿಂದ ಹೊರಗಿನ ಕೊಳೆನೀರು ಒಳಸೇರಬಲ್ಲದು. ಮರುದಿನ ನಮ್ಮ ಬಿಂದಿಗೆಗೆ ಬೀಳುವುದು ಅದೇ ನೀರು.