ಮೂರು ಅಡಿ ಕೇಬಲ್‌ ಮತ್ತು ದಾದಾರ ರೇಡಿಯೊ

ನಮ್ಮ ದಾದಾ ಸಂಜೆಯಾದರೆ ಹಳೆಯ ಮ್ಯೂಸಿಕ್ ಸಿಸ್ಟಮ್‌ನಲ್ಲಿ 101.3 ಹಚ್ಚುತ್ತಾರೆ, ಅಂದರೆ ಬೆಂಗಳೂರಿನ ಎಫ್‌ಎಂ ರೇನ್‌ಬೋ. ದೊಡ್ಡಬಳ್ಳಾಪುರಕ್ಕೆ ಬೆಂಗಳೂರು ಸುಮಾರು 40 ಕಿಲೋಮೀಟರ್. ಸಿಗ್ನಲ್ ಬರುತ್ತದೆ, ಆದರೆ ನಮ್ಮ ಬೀದಿಯ ಮಗ್ಗಗಳು ಶುರುವಾದರೆ ಹಾಡಿಗಿಂತ ಗರಗರ ಸದ್ದೇ ಜಾಸ್ತಿ. ಟಿವಿ ರಿಪೇರಿ ಮಾಡುವ ಮಾಮು ಅಲ್ಯೂಮಿನಿಯಂ ಪೈಪ್ ಬಗ್ಗಿಸಿ 141 ಸೆಂ.ಮೀ. ಉದ್ದದ ಫೋಲ್ಡೆಡ್ ಡೈಪೋಲ್ ಆಂಟೆನಾ ಮಾಡಿಕೊಟ್ಟರು. ಡಿಶ್ ಕೇಬಲ್ ಮನೆಯಲ್ಲೇ ಉಳಿದಿತ್ತು. ಅದನ್ನು ನೇರವಾಗಿ ಆಂಟೆನಾಕ್ಕೆ ಸೇರಿಸಿದೆ. ಗರಗರ ಹೋಗಲಿಲ್ಲ. ಯಾಕೆ ಎಂದು ತಿಳಿಯಲು ಹೋಗಿ, ಕಾಮರ್ಸ್ ಓದುವ ನಾನು ಈ ಪಾಠ ಕಲಿತೆ.

ಒಂದು ಹಗ್ಗದ ತುದಿಯನ್ನು ಗೋಡೆಗೆ ಕಟ್ಟಿ ಈ ಕಡೆಯಿಂದ ಒಮ್ಮೆ ಜಾಡಿಸಿ. ಅಲೆ ಗೋಡೆಯವರೆಗೆ ಹೋಗಿ, ತಲೆಕೆಳಗಾಗಿ ವಾಪಸ್ ಬರುತ್ತದೆ. ತೆಳು ಹಗ್ಗಕ್ಕೆ ದಪ್ಪ ಹಗ್ಗ ಗಂಟು ಹಾಕಿ ಜಾಡಿಸಿದರೆ ಗಂಟಿನ ಹತ್ತಿರ ಅಲೆಯ ಸ್ವಲ್ಪ ಭಾಗ ಮುಂದೆ ಹೋಗುತ್ತದೆ, ಸ್ವಲ್ಪ ಹಿಂದಿರುಗುತ್ತದೆ. ಕೇಬಲ್‌ನಲ್ಲೂ ಇದೇ ಆಗುವುದು. ಕೇಬಲ್‌ಗೆ ತನ್ನದೇ ಆದ ಒಂದು ಇಂಪೆಡೆನ್ಸ್ ಇರುತ್ತದೆ. ಅಲೆ ಹೋಗುವಾಗ ವೋಲ್ಟೇಜಿಗೂ ಕರೆಂಟಿಗೂ ಇರುವ ಅನುಪಾತ ಅದು. ಮಲ್ಟಿಮೀಟರ್ ಹಿಡಿದು ಅಳೆದರೆ ಸಿಗುವುದಿಲ್ಲ. ಡಿಶ್ ಕೇಬಲ್‌ಗೆ ಅದು 75 ಓಮ್, ಉದ್ದ ಎಷ್ಟೇ ಇರಲಿ. ಫೋಲ್ಡೆಡ್ ಡೈಪೋಲ್‌ಗೆ ಸುಮಾರು 300 ಓಮ್. ನನ್ನ ತಪ್ಪು ಈ ಗಂಟಿನಲ್ಲೇ ಇತ್ತು.

ಎಷ್ಟು ಹಿಂದಿರುಗುತ್ತದೆ ಎಂದು ಹೇಳುವುದು ಪ್ರತಿಫಲನ ಗುಣಾಂಕ:

Γ = (ZL − Z0) / (ZL + Z0)

ಇಲ್ಲಿ Z0 ಕೇಬಲ್‌ನದು, ZL ಅದರ ತುದಿಗೆ ಸೇರಿಸಿದ್ದರದು. ನಮ್ಮ ಲೆಕ್ಕದಲ್ಲಿ 300 ರಲ್ಲಿ 75 ಕಳೆದರೆ 225. ಎರಡನ್ನೂ ಕೂಡಿದರೆ 375. ಭಾಗಿಸಿದರೆ 0.6. ಇದು ವೋಲ್ಟೇಜಿನ ಲೆಕ್ಕ. ಶಕ್ತಿಗೆ ಇದರ ವರ್ಗ ತೆಗೆದುಕೊಳ್ಳಬೇಕು: 0.36. ಅಂದರೆ 100 ರಲ್ಲಿ 36 ಪಾಲು ವಾಪಸ್, 64 ಪಾಲು ಮುಂದಕ್ಕೆ. ನಮ್ಮ ಟ್ರಯಲ್ ಬ್ಯಾಲೆನ್ಸ್‌ನಂತೆ ಇದೂ ತಾಳೆಯಾಗಲೇಬೇಕು. ರೇಡಿಯೊ ಕೇಳುವಾಗ ಅಲೆ ಆಂಟೆನಾದಿಂದ ಕೇಬಲ್‌ಗೆ ಬರುತ್ತದೆ, ಆದರೂ ನಷ್ಟದ ಪಾಲು ಅಷ್ಟೇ. ಎರಡೂ ಸಮವಿದ್ದರೆ Γ ಸೊನ್ನೆ. ತುದಿ ತೆರೆದೇ ಇದ್ದರೆ +1, ಶಾರ್ಟ್ ಆಗಿದ್ದರೆ −1. ಮೈನಸ್ ಎಂದರೆ ಗೋಡೆಗೆ ಕಟ್ಟಿದ ಹಗ್ಗದಂತೆ ಅಲೆ ತಲೆಕೆಳಗಾಯಿತು ಎಂದು ಅರ್ಥ.

ಪ್ರಸಾರ ಮಾಡುವವರಿಗೆ ಈ ವಾಪಸಾತಿ ಇನ್ನೂ ದೊಡ್ಡ ತಲೆನೋವು. ಹೋಗುವ ಅಲೆ, ಬರುವ ಅಲೆ ಎರಡೂ ಒಂದೇ ಕೇಬಲ್‌ನಲ್ಲಿ ಸೇರುತ್ತವೆ. ಕೆಲವು ಜಾಗಗಳಲ್ಲಿ ಅವು ಕೂಡಿ 1.6 ಆಗುತ್ತವೆ, ಕೆಲವು ಜಾಗಗಳಲ್ಲಿ ಕಳೆದು 0.4. ಈ ಉಬ್ಬು ತಗ್ಗುಗಳು ಮುಂದೆ ಸಾಗದೆ ನಿಂತಲ್ಲೇ ನಿಲ್ಲುತ್ತವೆ, ಆದ್ದರಿಂದ ಸ್ಥಾಯೀ ತರಂಗ ಎಂಬ ಹೆಸರು. 1.6 ನ್ನು 0.4 ರಿಂದ ಭಾಗಿಸಿದರೆ 4. ಇದೇ ಸ್ಥಾಯೀ ತರಂಗ ಅನುಪಾತ. ಚೆನ್ನಾಗಿ ಹೊಂದಿದ ಕೇಬಲ್‌ನಲ್ಲಿ ಅದು 1 ರ ಹತ್ತಿರ ಇರುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರ 200 ಕಿಲೋವ್ಯಾಟ್‌ನದು. ಅಂಥ ಕಡೆ 36 ಪಾಲು ವಾಪಸಾದರೆ 72 ಕಿಲೋವ್ಯಾಟ್! ಅದಕ್ಕೇ ದೊಡ್ಡ ಟ್ರಾನ್ಸ್‌ಮಿಟರ್‌ಗಳು ವಾಪಸ್ ಬರುವ ಶಕ್ತಿ ಹೆಚ್ಚಾದ ಕೂಡಲೇ ತಾವೇ ಆಫ್ ಆಗುವಂತೆ ಇರುತ್ತವೆ.

ಈಗ ನಮ್ಮ ಮಹಡಿಗೆ ಬರೋಣ. 300 ನ್ನು 75 ಮಾಡಬೇಕು, ನಾಲ್ಕನೇ ಒಂದು. ಮಾಮು ಹೇಳಿದ ಉಪಾಯಕ್ಕೆ ಅದೇ ಕೇಬಲ್‌ನ ಒಂದು ತುಂಡು ಸಾಕು. ಆಂಟೆನಾದ ಒಂದು ತುದಿಗೆ ಮುಖ್ಯ ಕೇಬಲ್‌ನ ನಡುತಂತಿ ಸೇರಿಸಬೇಕು. ಆ ತುದಿಯಿಂದ ಇನ್ನೊಂದು ತುದಿಗೆ ಅರ್ಧ ತರಂಗಾಂತರ ಉದ್ದದ ತುಂಡಿನ ನಡುತಂತಿ ಹೋಗಬೇಕು. ಹೊರಜಾಲರಿಗಳು ಮೂರನ್ನೂ ಒಟ್ಟಿಗೆ ಕಟ್ಟಬೇಕು, ಆಂಟೆನಾಕ್ಕೆ ಮುಟ್ಟಿಸಬಾರದು. ಅರ್ಧ ತರಂಗ ದಾಟುವಾಗ ವೋಲ್ಟೇಜ್ ತಲೆಕೆಳಗಾಗುತ್ತದೆ. ಆದ್ದರಿಂದ ಆಂಟೆನಾದ ತುದಿಗಳ ನಡುವೆ ಎರಡು ಪಟ್ಟು ವೋಲ್ಟೇಜ್, ಅರ್ಧ ಕರೆಂಟ್. ಎರಡು ಭಾಗಿಸು ಅರ್ಧ ಎಂದರೆ ನಾಲ್ಕು ಪಟ್ಟು.

ಉದ್ದದ ಲೆಕ್ಕದಲ್ಲಿ ನಾನು ಎಡವಿದೆ. 300 ನ್ನು 101.3 ರಿಂದ ಭಾಗಿಸಿದರೆ 2.96 ಮೀಟರ್, ಅರ್ಧ 148 ಸೆಂ.ಮೀ. ಇದು ಗಾಳಿಯಲ್ಲಿ. ಕೇಬಲ್‌ನಲ್ಲಿ ಅಲೆ ನಿಧಾನ, ಹಾಗಾಗಿ ತುಂಡು ಚಿಕ್ಕದಿರಬೇಕು. ಪುಸ್ತಕದಲ್ಲಿದ್ದ 0.66 ರಿಂದ ಗುಣಿಸಿ 98 ಸೆಂ.ಮೀ.ಗೆ, ಅಂದರೆ ಮೂರು ಅಡಿ ಚಿಲ್ಲರೆಗೆ, ಕತ್ತರಿಸಿಬಿಟ್ಟೆ. ಆ ಸಂಖ್ಯೆ ಗಟ್ಟಿ ಪ್ಲಾಸ್ಟಿಕ್ ತುಂಬಿದ ಕೇಬಲ್‌ಗೆ. ಡಿಶ್ ಕೇಬಲ್‌ನ ಒಳಗಿರುವ ಬಿಳಿ ಭಾಗ ಉಗುರಿನಿಂದ ಒತ್ತಿದರೆ ತಗ್ಗುತ್ತದೆ, ಅದು ಫೋಮ್. ಅದಕ್ಕೆ ಸುಮಾರು 0.82. ಅಂದರೆ 121 ಸೆಂ.ಮೀ. ಬೇಕಿತ್ತು. ಕತ್ತರಿಸಿದ್ದು ಬೆಳೆಯುವುದಿಲ್ಲ. “ಮೊದಲು ಅಳತೆ, ಆಮೇಲೆ ಕತ್ತರಿ ಬೇಟಾ” ಎಂದು ಮಾಮು ನಕ್ಕು ಇನ್ನೊಂದು ತುಂಡು ಕೊಟ್ಟರು.

ಹೊಸ ತುಂಡು ಹಾಕಿದ ಮೇಲೆ ಗರಗರ ಬಹಳ ಇಳಿಯಿತು. ಇದರ ಪೂರ್ತಿ ಶ್ರೇಯ 36 ಪಾಲಿಗೆ ಸಲ್ಲುವುದಿಲ್ಲ. ಸಿಗ್ನಲ್ ಜೋರಾಗಿರುವ ಕಡೆ ಅಷ್ಟು ನಷ್ಟ ಕಿವಿಗೆ ಗೊತ್ತೇ ಆಗುವುದಿಲ್ಲ. ಮೊದಲು ಜಾಲರಿಯನ್ನು ನೇರವಾಗಿ ಆಂಟೆನಾಕ್ಕೆ ಕಟ್ಟಿದ್ದರಿಂದ ಕೇಬಲ್‌ನ ಹೊರಮೈ ತಾನೂ ಆಂಟೆನಾ ಆಗಿ, ಮಗ್ಗದ ಮೋಟರುಗಳ ಸದ್ದನ್ನು ಕೆಳಗಿನಿಂದ ಹೊತ್ತು ತರುತ್ತಿತ್ತು. ಪರೀಕ್ಷೆ ಸುಲಭ: ಮೊದಲು ಕೇಬಲ್ ಕೈಯಲ್ಲಿ ಹಿಡಿದರೆ, ಜರುಗಿಸಿದರೆ ಸದ್ದು ಬದಲಾಗುತ್ತಿತ್ತು. ಈಗ ಬದಲಾಗುವುದಿಲ್ಲ. ದಾದಾ ಮಾತ್ರ ಕೇಬಲ್ ಮುಟ್ಟಲು ನನಗೆ ಬಿಡುತ್ತಿಲ್ಲ.