ಉಳಿತಾಯ ಗುಂಪಿನ ಲೆಕ್ಕ: ನೋಟ್ ಪುಸ್ತಕದಿಂದ ಚೌಕದ ಪಟ್ಟಿಗೆ



ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಬರುವ ತಾಯಂದಿರಲ್ಲಿ ಹಲವರು ತಮ್ಮ ಓಣಿಯಲ್ಲಿ ಸಣ್ಣ ಉಳಿತಾಯ ಗುಂಪು ನಡೆಸುತ್ತಾರೆ. ತಿಂಗಳಿಗೆ ಇಷ್ಟು ಎಂದು ಕೂಡಿಸಿ, ಶಾಲೆ ಶುರುವಾಗುವ ಹೊತ್ತಿಗೆ ಹಂಚಿಕೊಳ್ಳುತ್ತಾರೆ. ಹಣ ಸರಿಯಾಗಿಯೇ ಇರುತ್ತದೆ. ಹಂಚುವ ದಿನ ಜಗಳವಾಗುವುದು ಯಾರದು ಎಷ್ಟು ಎಂಬ ವಿಷಯಕ್ಕೆ. ಅಂಥ ಒಂದು ಗುಂಪಿನ ನೋಟ್ ಪುಸ್ತಕವನ್ನು ಪಟ್ಟಿಗೆ ಇಳಿಸಲು ಕುಳಿತಾಗ ನಾವೇ ಒಂದು ತಪ್ಪು ಮಾಡಿದೆವು. ಆ ತಪ್ಪನ್ನೇ ಇಲ್ಲಿ ಪಾಠವಾಗಿ ಇಟ್ಟಿದ್ದೇವೆ. ಹೆಸರುಗಳನ್ನು ಬದಲಿಸಿದ್ದೇವೆ, ಲೆಕ್ಕವನ್ನು ಐದು ಜನ ಮತ್ತು ನಾಲ್ಕು ತಿಂಗಳಿಗೆ ಚಿಕ್ಕದು ಮಾಡಿದ್ದೇವೆ.

ಗುಂಪಿನ ನಿಯಮ ಸರಳ. ತಿಂಗಳ ಮೊದಲ ಭಾನುವಾರ ಸಭೆ, ತಲೆಗೆ 100 ರೂಪಾಯಿ. ನೋಟ್ ಪುಸ್ತಕದಲ್ಲಿ ಹಣ ಕೈಗೆ ಬಂದ ಸಾಲಿನಲ್ಲೇ ಹೀಗೆ ಬರೆದಿತ್ತು:

ಜುಲೈ 7: ಶಮೀಮ್ 100, ಫಾತಿಮಾ 100, ಜೈನಬ್ 100, ಫಾತಿಮಾ 100.
ಆಗಸ್ಟ್ 4: ರುಕಿಯಾ 200, ಶಮೀಮ್ 100, ಫಾತಿಮಾ 100, ಜೈನಬ್ 100.
ಸೆಪ್ಟೆಂಬರ್ 1: ಫಾತಿಮಾ 200, ಜೈನಬ್ 100, ರುಕಿಯಾ 100, ಫಾತಿಮಾ 100, ಶಮೀಮ್ 100.
ಅಕ್ಟೋಬರ್ 6: ಜೈನಬ್ 300 (ಕೈಸಾಲದ್ದು 200 ಸೇರಿ), ಫಾತಿಮಾ 100, ಶಮೀಮ್ 100, ಫಾತಿಮಾ 100.

ಇದು ದಿನದ ಲೆಕ್ಕಕ್ಕೆ ಸಾಕು. ಆದರೆ ರುಕಿಯಾ ಒಟ್ಟು ಎಷ್ಟು ಕಟ್ಟಿದರು ಎಂದು ಕೇಳಿದರೆ ಪುಟವೆಲ್ಲ ಹುಡುಕಬೇಕು. ಅದಕ್ಕಾಗಿ ಚೌಕದ ಪಟ್ಟಿ. ಒಬ್ಬೊಬ್ಬ ಸದಸ್ಯೆಗೆ ಒಂದು ಅಡ್ಡಸಾಲು, ಒಂದೊಂದು ತಿಂಗಳಿಗೆ ಒಂದು ಕಂಬಸಾಲು.

ಗೆರೆ ಹಾಕುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. ಆಗಸ್ಟ್‌ನಲ್ಲಿ ರುಕಿಯಾ ಕೊಟ್ಟ 200ರಲ್ಲಿ ನೂರು ಜುಲೈ ಬಾಕಿ. ಅದನ್ನು ಜುಲೈ ಮನೆಗೆ ಬರೆಯಬೇಕೋ, ಆಗಸ್ಟ್ ಮನೆಗೋ? ಹಣ ಕೈಗೆ ಬಂದ ತಿಂಗಳಿಗೇ, ಅಂದರೆ ಆಗಸ್ಟ್‌ಗೇ ಬರೆಯಿರಿ ಎನ್ನುತ್ತೇವೆ. ಹಾಗೆ ಬರೆದರೆ ಮಾತ್ರ ಆ ತಿಂಗಳ ಮೊತ್ತವನ್ನು ಬ್ಯಾಂಕ್ ಪಾಸ್‌ಬುಕ್ ಜೊತೆ ತಾಳೆ ನೋಡಬಹುದು. ಬಾಕಿ ತಿಳಿಯದೇ ಹೋಗುತ್ತದೆ ಎಂಬ ಭಯ ಬೇಡ. ನಾಲ್ಕು ತಿಂಗಳಿಗೆ ಕಟ್ಟಬೇಕಾದ್ದು 400. ಅಡ್ಡಸಾಲಿನ ಮೊತ್ತ ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದೇ ಬಾಕಿ.

ಎರಡನೆಯದು ಜೈನಬ್ ಅವರ 300. ಅದರಲ್ಲಿ 200 ಕೈಸಾಲದ ಮರುಪಾವತಿ, ಉಳಿತಾಯವಲ್ಲ. ಪಟ್ಟಿಗೆ 100 ಮಾತ್ರ ಹೋಗಬೇಕು. ಆ 200ನ್ನು ಪಟ್ಟಿಯ ಕೆಳಗೆ ಬೇರೆ ಸಾಲಿನಲ್ಲಿ ಬರೆದಿಡಬೇಕು.

ಪಟ್ಟಿಗೆ ಇಳಿಸುವಾಗ ನೋಟ್ ಪುಸ್ತಕದ ಒಂದೊಂದು ನಮೂದಿಗೂ ಪೆನ್ಸಿಲ್‌ನಿಂದ ಸರಿ ಗುರುತು ಹಾಕಿ. ಹಣ ಬಾರದ ಮನೆಯನ್ನು ಖಾಲಿ ಬಿಡಬೇಡಿ, ಸಣ್ಣ ಗೆರೆ ಎಳೆಯಿರಿ. ಖಾಲಿ ಮನೆ ಕಂಡರೆ ಅವರು ಕಟ್ಟಲಿಲ್ಲವೋ, ನಾವು ಬರೆಯಲು ಮರೆತೆವೋ ತಿಳಿಯುವುದಿಲ್ಲ. ನಮ್ಮ ಪುಸ್ತಕದಲ್ಲಿ 17 ನಮೂದು, ಪಟ್ಟಿಯಲ್ಲಿ 20 ಮನೆ. ಹಾಗಾಗಿ ಗೆರೆ ಎಳೆದ ಮನೆಗಳು ಮೂರೇ ಇರಬೇಕು.

ಈಗ ನಮ್ಮ ತಪ್ಪಿಗೆ ಬರೋಣ. ಗುಂಪಿನಲ್ಲಿ ಫಾತಿಮಾ ಎಂಬವರು ಇಬ್ಬರು. ಒಬ್ಬರು ಬಟ್ಟೆ ಹೊಲಿಯುವವರು, ಇನ್ನೊಬ್ಬರು ಮೂಲೆಮನೆಯವರು. ಪುಸ್ತಕದಲ್ಲಿ ಮೊದಲು ಬರುವ ಫಾತಿಮಾ ಟೈಲರ್, ಆಮೇಲಿನವರು ಮೂಲೆಮನೆಯವರು ಎಂದು ನಾವು ಅಂದುಕೊಂಡೆವು. ಹಾಗಾಗಿ ಸೆಪ್ಟೆಂಬರಿನ 200 ಟೈಲರ್ ಫಾತಿಮಾ ಅವರ ಸಾಲಿಗೆ ಹೋಯಿತು. ಅವರ ಮೊತ್ತ 500 ಆಯಿತು, ಮೂಲೆಮನೆಯವರದು 300.

ಅಡ್ಡಸಾಲುಗಳ ಮೊತ್ತ ಕೂಡಿಸಿದೆವು, 1900. ಕಂಬಸಾಲುಗಳದ್ದು ಕೂಡಿಸಿದೆವು, ಅದೂ 1900. ಪಾಸ್‌ಬುಕ್ ತೆಗೆದೆವು. ಸಭೆಯ ಮರುದಿನ ಜಮಾ ಆದದ್ದು ಕ್ರಮವಾಗಿ 400, 500, 600, 600. ಕೊನೆಯ 600ರಲ್ಲಿ ಸಾಲದ 200 ತೆಗೆದರೆ 400. ನಾಲ್ಕೂ ತಿಂಗಳು ಸರಿಹೊಂದಿತು. ಲೆಕ್ಕ ಮುಗಿಯಿತೆಂದು ಪುಸ್ತಕ ಮುಚ್ಚಿ, ಸಭೆಯಲ್ಲಿ ಓದಿ ಹೇಳಿದೆವು: ರುಕಿಯಾ ಅವರದು ನೂರು ಬಾಕಿ, ಮೂಲೆಮನೆ ಫಾತಿಮಾ ಅವರದು ನೂರು ಬಾಕಿ.

ಮೂಲೆಮನೆ ಫಾತಿಮಾ ಎದ್ದು ನಿಂತು, "ಸರ್, ಆಗಸ್ಟ್‌ನಲ್ಲಿ ನಾನು ತವರಿಗೆ ಹೋಗಿದ್ದೆ. ಮುಂದಿನ ತಿಂಗಳು ಎರಡೂ ಸೇರಿಸಿ ಕೊಟ್ಟಿದ್ದೀನಿ, ನೋಡಿ" ಎಂದು ತಮ್ಮ ಕಾರ್ಡು ಚಾಚಿದರು. ಸೆಪ್ಟೆಂಬರ್ ಮನೆಯಲ್ಲಿ 200, ಪಕ್ಕದಲ್ಲಿ ಕಾರ್ಯದರ್ಶಿಯ ರುಜು. ಟೈಲರ್ ಫಾತಿಮಾ ಅವರೂ, "ನಾನು ಯಾವತ್ತೂ ಇನ್ನೂರು ಕೊಟ್ಟಿಲ್ಲ" ಎಂದರು. ಹತ್ತು ಜನರ ಎದುರು ಬಾಕಿದಾರಳೆನಿಸಿಕೊಂಡ ಆ ತಾಯಿಯ ಕ್ಷಮೆ ಕೇಳಿ ಪಟ್ಟಿ ತಿದ್ದಿದೆವು:

| ಸದಸ್ಯೆ | ಜುಲೈ | ಆಗಸ್ಟ್ | ಸೆಪ್ಟೆಂಬರ್ | ಅಕ್ಟೋಬರ್ | ಒಟ್ಟು |
|---|---|---|---|---|---|
| 1. ಶಮೀಮ್ | 100 | 100 | 100 | 100 | 400 |
| 2. ಜೈನಬ್ | 100 | 100 | 100 | 100 | 400 |
| 3. ರುಕಿಯಾ | – | 200 | 100 | – | 300 |
| 4. ಟೈಲರ್ ಫಾತಿಮಾ | 100 | 100 | 100 | 100 | 400 |
| 5. ಮೂಲೆಮನೆ ಫಾತಿಮಾ | 100 | – | 200 | 100 | 400 |
| ಒಟ್ಟು | 400 | 500 | 600 | 400 | 1900 |

ಸಾಲ ಮರುಪಾವತಿ, ಅಕ್ಟೋಬರ್: ಜೈನಬ್ 200.

ತಿದ್ದಿದ ಮೇಲೂ ಮೂಲೆಯ ಮೊತ್ತ 1900ಏ. ಕೆಳಗಿನ ಸಾಲಿನ ಒಂದು ಅಂಕಿಯೂ ಬದಲಾಗಲಿಲ್ಲ. ಇದನ್ನು ಗಮನಿಸಬೇಕು. ಅಡ್ಡ ಕೂಡಿಸಿದ್ದೂ ಉದ್ದ ಕೂಡಿಸಿದ್ದೂ ಒಂದೇ ಬಂದರೆ ಕೂಡುವುದರಲ್ಲಿ ತಪ್ಪಿಲ್ಲ ಎಂದಷ್ಟೇ ಅರ್ಥ. ಹಣ ಸರಿಯಾದ ಮನೆಯಲ್ಲಿ ಕುಳಿತಿದೆ ಎಂದು ಅದು ಹೇಳುವುದಿಲ್ಲ.

ಹಣ ತಪ್ಪು ತಿಂಗಳಿಗೆ ಬಿದ್ದರೆ ಎರಡು ಕಂಬಸಾಲಿನ ಮೊತ್ತ ಕೆಡುತ್ತದೆ. ಅದನ್ನು ಪಾಸ್‌ಬುಕ್ ಹಿಡಿಯುತ್ತದೆ. ಒಂದು ನಮೂದು ಪೂರ್ತಿ ಬಿಟ್ಟುಹೋದರೂ ಪಾಸ್‌ಬುಕ್ಕೇ ಹಿಡಿಯುತ್ತದೆ. ಆದರೆ ಒಬ್ಬರ ಹಣ ಇನ್ನೊಬ್ಬರ ಸಾಲಿಗೆ ಬಿದ್ದರೆ ಬ್ಯಾಂಕಿಗೆ ಅದರ ಸುಳಿವೇ ಇರುವುದಿಲ್ಲ, ಏಕೆಂದರೆ ಖಾತೆಯಲ್ಲಿ ಇರುವುದು ಗುಂಪಿನ ಹೆಸರು ಮಾತ್ರ. ಆ ತಪ್ಪನ್ನು ಹಿಡಿಯುವವರು ಸದಸ್ಯೆಯರೇ. ಆದ್ದರಿಂದ ಕಂಬಸಾಲಿನ ಮೊತ್ತವನ್ನು ಪಾಸ್‌ಬುಕ್‌ಗೆ, ಅಡ್ಡಸಾಲಿನ ಮೊತ್ತವನ್ನು ಆಯಾ ಸದಸ್ಯೆಯ ಕಾರ್ಡಿಗೆ ತಾಳೆ ನೋಡಬೇಕು. ಎರಡೂ ಆಗುವವರೆಗೆ ಯಾರ ಹೆಸರನ್ನೂ ಬಾಕಿ ಎಂದು ಓದಬಾರದು.

ನಮ್ಮ ಪಟ್ಟಿಯಲ್ಲೇ ಸುಳಿವಿತ್ತು, ನಾವು ನೋಡಲಿಲ್ಲ. ಕಟ್ಟಬೇಕಾದ್ದು 400 ಇರುವಾಗ ಒಬ್ಬರದು 500 ಏಕೆ? ಒಂದು ಸಾಲಿನಲ್ಲಿ ನೂರು ಹೆಚ್ಚು, ಇನ್ನೊಂದರಲ್ಲಿ ನೂರು ಕಡಿಮೆ ಎಂದು ಕಂಡರೆ ಆ ಎರಡು ಸಾಲುಗಳ ನಡುವೆ ಹಣ ಅದಲುಬದಲಾಗಿರಬಹುದು. ಮುಂಗಡ ಕಟ್ಟಿದವರ ಸಾಲೂ ಹೆಚ್ಚಾಗಿಯೇ ಕಾಣುತ್ತದೆ. ಆದ್ದರಿಂದ ನೀವೇ ತೀರ್ಮಾನಿಸದೆ ಕೇಳಿ ನೋಡಿ.

ಆ ಸಭೆಯಲ್ಲೇ ಗುಂಪಿನವರು ಎಲ್ಲರಿಗೂ ಸದಸ್ಯ ಸಂಖ್ಯೆ ಕೊಟ್ಟರು. ಈಗ ನೋಟ್ ಪುಸ್ತಕದಲ್ಲಿ ಹೆಸರಿಗಿಂತ ಮೊದಲು ಸಂಖ್ಯೆ ಬರುತ್ತದೆ: "5. ಫಾತಿಮಾ 200, ಆಗಸ್ಟ್ ಬಾಕಿ ಸೇರಿ." ಪಟ್ಟಿಯನ್ನು ವರ್ಷದ ಕೊನೆಗೆ ಕಾಯದೆ ಪ್ರತಿ ಸಭೆ ಮುಗಿದ ಕೂಡಲೇ, ಎಲ್ಲರೂ ಎದುರಿಗಿರುವಾಗಲೇ ತುಂಬುತ್ತಾರೆ. ರುಕಿಯಾ ಅವರ ಅಕ್ಟೋಬರ್ ಬಾಕಿ ನೂರು ನವೆಂಬರ್ ಸಭೆಯಲ್ಲಿ ಬಂತು. ಅದನ್ನು ನವೆಂಬರ್ ಕಂಬಸಾಲಿಗೇ ಬರೆದರು.